ಮೇನ್ ಇಳಿಸಿದ ಮಾತ್ರಕ್ಕೆ ಆಗಲಿಲ್ಲ

ಪ್ರಶ್ನೆ: ಮಂಡ್ಯದಲ್ಲಿ ಬೇಕರಿ ಇಟ್ಟಿದ್ದೀನಿ ಸಾರ್. 5 ಕೆವಿಎ ಡೀಸೆಲ್ ಜನರೇಟರ್ ಇದೆ. ಕರೆಂಟ್ ಹೋದಾಗ ಮೇನ್ ಎಂಸಿಬಿ ಇಳಿಸಿ, ಎರಡೂ ತುದಿಗೆ ಪ್ಲಗ್ ಇರೋ ವೈರಲ್ಲಿ ಸಾಕೆಟ್ಟಿಗೆ ಕೊಡ್ತೀನಿ. ಚೇಂಜ್‌ಓವರ್ ಬೇಕೇ ಬೇಕಾ?

ಬೇಕೇ ಬೇಕು. ಕಂಬದ ಕರೆಂಟು ಇಲ್ಲವೇ ಜನರೇಟರ್, ಒಮ್ಮೆಗೆ ಒಂದನ್ನೇ ಅಂಗಡಿಗೆ ಜೋಡಿಸುವ ಸ್ವಿಚ್ಚೇ ಚೇಂಜ್‌ಓವರ್. ತಿಂಗಳಿಗೊಮ್ಮೆ ಯಾರಾದರೂ ಇದನ್ನೇ ಕೇಳುತ್ತಾರೆ. ಮೊದಲು ಆ ವೈರನ್ನು ಕತ್ತರಿಸಿ ಬಿಸಾಡಿ. ಜನರೇಟರ್ ಸೆಟ್ಟು ಓಡುವಾಗ ಸಾಕೆಟ್ಟಿನಿಂದ ಪ್ಲಗ್ ಕಳಚಿದರೆ, ಬರಿಯ ಪಿನ್ನಿನಲ್ಲೇ 230 ವೋಲ್ಟ್ ಇರುತ್ತದೆ.

ಅಂಗಡಿ ಹುಡುಗ ಒಂದು ದಿನ ಎಂಸಿಬಿ ಇಳಿಸಲು ಮರೆತ ಅನ್ನಿ. ನಿಮ್ಮ ಕರೆಂಟು ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. 11,000 ವೋಲ್ಟನ್ನು ಇಳಿಸಿಕೊಡುವ ಟ್ರಾನ್ಸ್‌ಫಾರ್ಮರ್, ಹಿಂದಿನಿಂದ ಕೊಟ್ಟರೆ ಅದೇ ಲೆಕ್ಕದಲ್ಲಿ ಏರಿಸುತ್ತದೆ. ‘ಇಡೀ ಬೀದಿಯ ಲೋಡಿಗೆ ಸೆಟ್ಟೇ ನಿಂತುಹೋಗುತ್ತೆ ಬಿಡಿ’ ಎನ್ನುವ ಮೇಸ್ತ್ರಿಗಳಿದ್ದಾರೆ. ಆದರೆ ಲೈನ್‌ಮನ್ ಫ್ಯೂಸ್ ಕಿತ್ತು, ತಂತಿ ಬಿಚ್ಚಿ ಕೆಲಸ ಮಾಡುವಾಗ ಆ ತುಂಡಿನ ಮೇಲೆ ನಿಮ್ಮದೊಂದೇ ಅಂಗಡಿ ಉಳಿದಿರಬಹುದು. ಆಗ ಸೆಟ್ಟು ನಿಲ್ಲುವುದಿಲ್ಲ, ಅವನ ಕೈಲಿರುವ ತಂತಿಯಲ್ಲಿ ಕರೆಂಟು ಇರುತ್ತದೆ.

ಮರೆಯದೆ ಇಳಿಸಿದರೂ ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸ್ ಮಾತ್ರ, ನ್ಯೂಟ್ರಲ್ ಕಂಬಕ್ಕೆ ಸೇರಿಕೊಂಡೇ ಇರುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಬದಲಿಸುವ, ನಡುವೆ ಸೊನ್ನೆ, ಅಂದರೆ ಎರಡೂ ಕಡೆ ಆಫ್ ಆಗುವ ಜಾಗ, ಇರುವ ಡಬಲ್ ಪೋಲ್ ಚೇಂಜ್‌ಓವರ್ ಹಾಕಿಸಿ. ತ್ರೀ ಫೇಸ್ ಆದರೆ ನಾಲ್ಕು ಪೋಲ್. ಎರಡು ಎಂಸಿಬಿ ಪಕ್ಕಪಕ್ಕ ಕೂರಿಸಿ ‘ಇದೂ ಚೇಂಜ್‌ಓವರೇ’ ಎಂದರೆ ಒಪ್ಪಬೇಡಿ, ಎರಡೂ ಒಟ್ಟಿಗೆ ಮೇಲೇರಬಹುದು. ಸೆಟ್ಟು ಕೊಡುವುದು ಸುಮಾರು 22 ಆಂಪಿಯರ್ ಅಷ್ಟೇ. ಆದರೆ ಕಂಬದ ಕರೆಂಟೂ ಇದೇ ಸ್ವಿಚ್ಚಿನಲ್ಲಿ ಹರಿಯುತ್ತದೆ. ನಿಮ್ಮ ಮೇನ್ 40 ಆಂಪಿಯರ್ ಆಗಿದ್ದರೆ 63ರ ಸ್ವಿಚ್ಚೇ ಸರಿ.

ಕರೆಂಟು ಹೋದಾಗ ಫ್ರೀಜರ್, ಮಿಕ್ಸರ್ ಎಲ್ಲ ಆಫ್ ಮಾಡಿ ಹಿಡಿಯನ್ನು ಸೊನ್ನೆಗೆ ತನ್ನಿ. ಸೆಟ್ಟು ಎರಡು ಮೂರು ನಿಮಿಷ ಖಾಲಿ ಓಡಲಿ. ವೋಲ್ಟ್ ಮೀಟರ್ 230ರ ಆಸುಪಾಸು ನಿಂತ ಮೇಲೆ ಹಿಡಿ ತಿರುಗಿಸಿ, ಫ್ರೀಜರ್ ಮೊದಲು, ಉಳಿದದ್ದು ಒಂದೊಂದಾಗಿ. ವಾಪಸ್ ಬರುವಾಗಲೂ ಲೋಡ್ ತೆಗೆದು, ಸೊನ್ನೆಯಲ್ಲಿ ನಿಲ್ಲಿಸಿಯೇ ಬನ್ನಿ.

ಸ್ವಿಚ್ಚಿಗಿಂತ ಮುಂಚೆ, ಮೀಟರ್ ಕಡೆಗೆ ಒಂದು ಇಂಡಿಕೇಟರ್ ಹಾಕಿಸಿ. ಕರೆಂಟಿಲ್ಲದಾಗ ಹಿಡಿಯನ್ನು ಜನರೇಟರ್ ಕಡೆ ತಿರುಗಿಸುತ್ತಿದ್ದಂತೆ ಅದು ಹೊತ್ತಿಕೊಂಡರೆ ಸೆಟ್ಟು ನಿಲ್ಲಿಸಿ ನೋಡಿ. ದೀಪವೂ ಆರಿದರೆ ನಿಮ್ಮ ಕರೆಂಟು ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಸರಿಮಾಡುವವರೆಗೆ ಸೆಟ್ಟು ಮುಟ್ಟಬೇಡಿ. ಆರದಿದ್ದರೆ ಕಂಬದ ಕರೆಂಟೇ ಬಂದಿದೆ.

ಪ್ರಶ್ನೆ: ಮಳೆ ಬಂದಾಗ ಶಟರ್ ಅರ್ಧ ಎತ್ತಿ ಸೆಟ್ಟನ್ನು ಒಳಗೇ ಓಡಿಸಬಹುದಾ?

ಕೂಡದು. ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಹೊರಗೆ ಶೀಟಿನ ಮಾಡು ಹಾಕಿಸಿ.

ಪ್ರಶ್ನೆ: ಓಡುತ್ತಿರುವಾಗಲೇ ಡೀಸೆಲ್ ತುಂಬಬಹುದಾ?

ನಿಲ್ಲಿಸಿ, ಸೈಲೆನ್ಸರ್ ಆರಿದ ಮೇಲೆ ತುಂಬಿ.