ಗುಡ್ ನೈಟ್ ಬೀಳ್ಕೊಡುಗೆಗೆ ಮಾತ್ರ ಏಕೆ?

ಪ್ರಶ್ನೆ: ರಾತ್ರಿ ಯಾರನ್ನಾದರೂ ಭೇಟಿಯಾದಾಗಲೂ ‘ಗುಡ್ ಈವ್ನಿಂಗ್’ ಎನ್ನುತ್ತಾರೆ, ‘ಗುಡ್ ನೈಟ್’ ಹೊರಡುವಾಗ ಮಾತ್ರ. ಏಕೆ?

ಇವೆಲ್ಲ ಮೂಲತಃ ಹಾರೈಕೆಗಳು. ಮುಂದಿನ ಹೊತ್ತು ಚೆನ್ನಾಗಿರಲಿ ಎಂಬುದೇ ಅವುಗಳ ತಿರುಳು. ಬೆಳಿಗ್ಗೆ ಭೇಟಿಯಾದವರು ಆ ಹೊತ್ತನ್ನು ಎಚ್ಚರದಲ್ಲೇ ಕಳೆಯುತ್ತಾರೆ. ‘ನೈಟ್’ ಎಂದರೆ ಇಂಗ್ಲಿಷಿನಲ್ಲಿ ಕತ್ತಲೆಯಷ್ಟೇ ಅಲ್ಲ, ನಿದ್ರೆಯ ಅವಧಿಯೂ ಹೌದು. ಆಗಷ್ಟೇ ಬಂದವರಿಗೆ ಅದನ್ನು ಹಾರೈಸಿದರೆ ‘ಹೋಗಿ ಮಲಗಿ’ ಎಂದಂತಾಗುತ್ತದೆ. ಆದ್ದರಿಂದ ಭೇಟಿಯಾದದ್ದು ರಾತ್ರಿ ಹತ್ತಕ್ಕಾದರೂ ‘ಈವ್ನಿಂಗ್’ ಎಂಬ ಪದವೇ ಹಿಗ್ಗಿ ಆ ಹೊತ್ತನ್ನು ತುಂಬುತ್ತದೆ.

ಇದು ನಿಸರ್ಗದ ನಿಯಮವಲ್ಲ, ಒಂದು ಭಾಷೆ ಹಗಲಿರುಳನ್ನು ಕತ್ತರಿಸಿಕೊಂಡ ರೀತಿ. ರಾತ್ರಿ ಒಂಬತ್ತಕ್ಕೆ ಹೋಟೆಲೊಂದಕ್ಕೆ ಬಂದಿದ್ದೀರಿ ಎಂದುಕೊಳ್ಳಿ. ಮ್ಯಾಡ್ರಿಡ್‌ನಲ್ಲಿ ಸ್ವಾಗತಕಾರರು ‘ಬುವೆನಾಸ್ ನೋಚೆಸ್’ ಎನ್ನುತ್ತಾರೆ. ಪದಶಃ ‘ಶುಭ ರಾತ್ರಿ’ಯೇ. ಕೋಣೆಗೆ ಹೋಗುವಾಗ ನೀವೂ ಅದನ್ನೇ ಹೇಳಬಹುದು. ಸ್ಪ್ಯಾನಿಷ್‌ನಲ್ಲಿ ಸಂಜೆಗೆಂದೇ ಬೇರೆ ಶುಭಾಶಯವಿಲ್ಲ: ಮಧ್ಯಾಹ್ನದ ‘ಬುವೆನಾಸ್ ತಾರ್ದೆಸ್’ ಕತ್ತಲಾಗುವವರೆಗೆ ನಡೆಯುತ್ತದೆ, ಆಮೇಲೆ ನೇರವಾಗಿ ‘ನೋಚೆಸ್’. ರೋಮ್‌ನಲ್ಲಾದರೆ ಬಂದಾಗ ‘ಬೋನಾಸೆರಾ’, ಮಲಗಲು ಹೊರಟಾಗ ‘ಬೋನಾನೊತ್ತೆ’. ಫ್ರೆಂಚರ ‘ಬೋಂಸ್ವಾರ್’ ಸಂಜೆ ಬರುವಾಗಲೂ ಹೋಗುವಾಗಲೂ ಸಲ್ಲುತ್ತದೆ. ‘ಬಾನ್ ನ್ವಿ’ ಹಾಸಿಗೆಗೆ ಹತ್ತಿರವಾದಾಗ ಮಾತ್ರ.

ನನಗೆ ಅತ್ಯಂತ ಇಷ್ಟವಾದ ಪುರಾವೆ ಇಂಗ್ಲಿಷಿನೊಳಗೇ ಇದೆ. ಟ್ರಿನಿಡಾಡ್ ಮೊದಲಾದ ಕೆರಿಬಿಯನ್ ದ್ವೀಪಗಳಲ್ಲಿ ಕತ್ತಲಾದ ಮೇಲೆ ಅಂಗಡಿಗೆ ಕಾಲಿಡುವವರು ‘ಗುಡ್ ನೈಟ್’ ಎಂದೇ ಮಾತು ಆರಂಭಿಸುತ್ತಾರೆ. ಅದು ತಪ್ಪು ಇಂಗ್ಲಿಷ್ ಅಲ್ಲ. ಅಲ್ಲಿ ಹಾಗೆ ಹೇಳುವುದೇ ಸೌಜನ್ಯ.