ರಿಪೋರ್ಟ್ ಎಲ್ಲ ನಾರ್ಮಲ್, ಮೈಯೆಲ್ಲ ನೋವು

ಪ್ರಶ್ನೆ: ಡಾಕ್ಟರೇ, ನನಗೆ 44 ವರ್ಷ. ಡೊಂಬಿವಲಿಯಲ್ಲಿ ಮನೆ, ಫೋರ್ಟ್‌ನಲ್ಲಿ ಅಕೌಂಟ್ಸ್ ಕೆಲಸ. ಒಂದೂವರೆ ವರ್ಷದಿಂದ ಕುತ್ತಿಗೆ, ಎರಡೂ ಭುಜ, ಬೆನ್ನಿನ ಮೇಲ್ಭಾಗ, ಸೊಂಟ, ಪೃಷ್ಠ, ತೊಡೆ ಎಲ್ಲ ನೋಯುತ್ತವೆ. ಲೋಕಲ್‌ನಲ್ಲಿ ಯಾರಾದರೂ ಮೈಗೆ ಒರಗಿದರೂ, ಬ್ಯಾಗಿನ ಪಟ್ಟಿ ಒತ್ತಿದರೂ ಸಹಿಸಲಾಗದು. ಏಳು ಗಂಟೆ ಮಲಗಿದರೂ ನಿದ್ದೆಯೇ ಮಾಡದವಳಂತೆ ಏಳುತ್ತೇನೆ. ವಾರದಲ್ಲಿ ಎರಡು ಮೂರು ದಿನ ತಲೆನೋವು. ಲೆಕ್ಕದ ಸಾಲನ್ನು ಎರಡೆರಡು ಸಲ ಓದಬೇಕು. ರಕ್ತಪರೀಕ್ಷೆ, ಥೈರಾಯ್ಡ್, ಬೆನ್ನಿನ ಎಂಆರ್‌ಐ ಎಲ್ಲ ನಾರ್ಮಲ್. ಮನೆಯಲ್ಲಿ ‘ಸುಮ್ಮನೆ ಯೋಚನೆ ಮಾಡ್ತೀಯ’ ಅನ್ನುತ್ತಾರೆ. ಇದು ನನ್ನ ಕಲ್ಪನೆಯೇ? ಇನ್ನೂ ಯಾವ ಟೆಸ್ಟ್ ಮಾಡಿಸಲಿ?

ಉತ್ತರ: ಕಲ್ಪನೆಯಲ್ಲ. ಬ್ಯಾಗಿನ ಪಟ್ಟಿಯ ಮಾತು ನೀವಾಗಿಯೇ ಬರೆದದ್ದು ಒಳ್ಳೆಯದಾಯಿತು. ನೋವು ತರಬಾರದ ಒತ್ತಡ ನೋವು ತರುವುದು ಫೈಬ್ರೊಮಯಾಲ್ಜಿಯಾ ಎಂಬ ಕಾಯಿಲೆಯ ದೊಡ್ಡ ಸುಳಿವು.

ನೀವು ಮಾಡಿಸಿದ ಪರೀಕ್ಷೆಗಳು ಉರಿಯೂತವನ್ನೋ ಹಾನಿಯನ್ನೋ ಹುಡುಕುತ್ತವೆ. ನಿಮ್ಮ ತೊಂದರೆ ಇರುವುದು ಬಹುಶಃ ಸ್ನಾಯುವಿನಲ್ಲೂ ಅಲ್ಲ, ಕೀಲಿನಲ್ಲೂ ಅಲ್ಲ. ಮೈಯಿಂದ ಬರುವ ಸಂದೇಶಗಳನ್ನು ಬೆನ್ನುಹುರಿ ಮತ್ತು ಮಿದುಳು ದೊಡ್ಡದು ಮಾಡಿ ಕೇಳಿಸಿಕೊಳ್ಳುತ್ತಿವೆ. ಮಿದುಳಿನಿಂದ ಕೆಳಗಿಳಿದು ನೋವನ್ನು ತಗ್ಗಿಸುವ ನರಗಳ ಹಿಡಿತವೂ ಸಡಿಲವಾಗಿರುತ್ತದೆ. 2002ರಲ್ಲಿ ಅಮೆರಿಕದ ಸಂಶೋಧಕರು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿದರು. ಆರೋಗ್ಯವಂತರಿಗೆ ತುಂಬ ಜೋರಾಗಿ ಒತ್ತಿದಾಗ ಮಿದುಳಿನ ಯಾವ ಭಾಗಗಳು ಎಚ್ಚರಗೊಂಡವೋ, ಈ ರೋಗಿಗಳಲ್ಲಿ ಹಗುರ ಒತ್ತಡಕ್ಕೇ ಹೆಚ್ಚುಕಡಿಮೆ ಅದೇ ಭಾಗಗಳು ಎಚ್ಚರಗೊಂಡವು. ಸಾಧಾರಣ ಎಂಆರ್‌ಐ ಇದನ್ನು ತೋರಿಸುವುದಿಲ್ಲ. ನಿದ್ದೆಯೂ ಇದರಲ್ಲಿ ಸೇರಿಕೊಂಡಿದೆ. ಆರೋಗ್ಯವಂತರ ಗಾಢನಿದ್ದೆಯನ್ನು ಕೆಲವು ರಾತ್ರಿ ಕೆಡಿಸಿದರೆ ಅವರಿಗೂ ಮೈಕೈ ನೋವು ಬರುತ್ತದೆಂದು 1975ರಷ್ಟು ಹಿಂದೆಯೇ ಕಂಡಿತ್ತು.

ಹಾಗಾದರೆ ಗುರುತಿಸುವುದು ಹೇಗೆ? ಕೇಳಿ, ಎಣಿಸಿ. 1990ರ ಪದ್ಧತಿಯಲ್ಲಿ ಮೈಮೇಲಿನ 18 ಬಿಂದುಗಳನ್ನು ಬೆರಳಿನಿಂದ ಒತ್ತಿ, ಕನಿಷ್ಠ 11ರಲ್ಲಿ ನೋವಿದ್ದರೆ ಫೈಬ್ರೊಮಯಾಲ್ಜಿಯಾ ಎನ್ನುತ್ತಿದ್ದರು. ಅದರಲ್ಲಿ ಸುಸ್ತು, ನಿದ್ದೆಗೆ ಲೆಕ್ಕವೇ ಇರಲಿಲ್ಲ. ಈಗ ಬಳಸುವ 2016ರ ಮಾನದಂಡದಲ್ಲಿ ಮೈಯನ್ನು 19 ಜಾಗಗಳಾಗಿ ವಿಂಗಡಿಸಿ, ಕಳೆದ 7 ದಿನಗಳಲ್ಲಿ ಎಲ್ಲೆಲ್ಲಿ ನೋವಿತ್ತು ಎಂದು ಎಣಿಸುತ್ತೇವೆ. ನಿಮ್ಮದು ಹೀಗೆ: ಕುತ್ತಿಗೆ, ಬೆನ್ನಿನ ಮೇಲ್ಭಾಗ, ಸೊಂಟ ಸೇರಿ 3, ಭುಜ 2, ಪೃಷ್ಠ 2, ತೊಡೆ 2. ಒಟ್ಟು 9. ಎಡ ಮೇಲ್ಭಾಗ, ಬಲ ಮೇಲ್ಭಾಗ, ಎಡ ಕೆಳಭಾಗ, ಬಲ ಕೆಳಭಾಗ, ನಡುಮೈ, ಐದೂ ಭಾಗ ಸೇರಿವೆ, ನಾಲ್ಕಿದ್ದರೂ ಸಾಕಿತ್ತು.

ಎರಡನೆಯ ಲೆಕ್ಕ ಉಳಿದ ಲಕ್ಷಣಗಳದು. ಸುಸ್ತು, ತಾಜಾತನವಿಲ್ಲದ ಎಚ್ಚರ, ಮರೆವು, ಒಂದೊಂದಕ್ಕೂ 0ಯಿಂದ 3. ನಿಮ್ಮ ಪತ್ರ ನೋಡಿ ನಾನು 2, 3, 1 ಹಾಕುತ್ತೇನೆ. ತಲೆನೋವಿಗೆ 1. ಒಟ್ಟು 7. (ಕಿಬ್ಬೊಟ್ಟೆ ನೋವು, ಖಿನ್ನತೆ ಇದ್ದರೆ ಇನ್ನೊಂದೊಂದು, ನೀವು ಬರೆದಿಲ್ಲ.) ನೋವಿನ ಜಾಗ 7ಕ್ಕೆ ಕಡಿಮೆಯಿರದೆ, ಲಕ್ಷಣಗಳ ಅಂಕ 5ಕ್ಕೆ ಕಡಿಮೆಯಿರದೆ, ಮೂರು ತಿಂಗಳು ಹೀಗೇ ಇದ್ದರೆ ಮಾನದಂಡ ತುಂಬಿತು. ನಿಮ್ಮದು ತುಂಬಿದೆ. ಆದರೆ ಪತ್ರ ಓದಿ ಅಂಕ ಹಾಕಬಹುದು, ಮೈ ಮುಟ್ಟಿ ನೋಡಲಾಗದು. ಅದಕ್ಕೇ ಕೀಲು, ಸ್ನಾಯುಗಳ ಕಾಯಿಲೆ ನೋಡುವ ಒಬ್ಬ ರುಮಟಾಲಜಿಸ್ಟರನ್ನು ಕಾಣಲೇಬೇಕು.

ಅವರು ನೋಡುವುದು ಬೇರೆ ಕಾಯಿಲೆ ಜೊತೆಗೂಡಿದೆಯೇ ಎಂದು. ಫೈಬ್ರೊಮಯಾಲ್ಜಿಯಾ ಇದ್ದವರಿಗೆ ಸಂಧಿವಾತ ಬರಬಾರದೆಂದೇನಿಲ್ಲ. ಬೆರಳು, ಮಣಿಕಟ್ಟಿನ ಕೀಲು ಊದಿದ್ದರೆ, ಬೆಳಗಿನ ಬಿಗಿತ ಗಂಟೆಗೂ ಮೀರಿ ಇದ್ದರೆ, ಜ್ವರ ಬರುತ್ತಿದ್ದರೆ, ತೂಕ ತಾನಾಗಿ ಇಳಿದಿದ್ದರೆ ಹೇಳಿ. ನೋವಿಗೆ ಹೆದರಿ ನೆಲದಿಂದ ಏಳಲು ತಡಮಾಡುವುದು ಬೇರೆ, ಏಳಲು ಬಲವೇ ಇಲ್ಲದಿರುವುದು ಬೇರೆ. ಎರಡನೆಯದಾದರೆ ಸ್ನಾಯುವಿನ ಪರೀಕ್ಷೆ ಬೇಕು. ಜೋರಾಗಿ ಗೊರಕೆ ಹೊಡೆಯುತ್ತೀರೋ ಮನೆಯವರನ್ನು ಕೇಳಿ, ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದರೂ ಹೀಗೆ ದಣಿದೇ ಏಳುತ್ತೀರಿ. ಕೊಲೆಸ್ಟರಾಲ್ ಮಾತ್ರೆ ಇದ್ದರೆ ಅದನ್ನೂ ತಿಳಿಸಿ, ಕೆಲವರಿಗೆ ಅದರಿಂದಲೇ ಸ್ನಾಯು ನೋಯುತ್ತದೆ.

ಇವು ಯಾವುವೂ ಇಲ್ಲದಿದ್ದರೆ ದಯವಿಟ್ಟು ಇನ್ನಷ್ಟು ಟೆಸ್ಟ್ ಬೇಡ. ವಿಶೇಷವಾಗಿ, ದೇಹ ತನ್ನ ಮೇಲೆ ತಾನೇ ದಾಳಿ ಮಾಡುವ ಕಾಯಿಲೆಗಳನ್ನು ಹುಡುಕುವ ಎಎನ್‌ಎ ಪರೀಕ್ಷೆಯನ್ನು ‘ಒಂದು ಸಲ ನೋಡೋಣ’ ಎಂದು ಮಾಡಿಸಬೇಡಿ. ಆರೋಗ್ಯವಂತರಲ್ಲೂ ಅದು ಸಣ್ಣ ಪ್ರಮಾಣದಲ್ಲಿ ಪಾಸಿಟಿವ್ ಬರುತ್ತದೆ. ಅದನ್ನು ಕಂಡು, ಅಂಥದೇ ಒಂದು ಕಾಯಿಲೆಯಾದ ಲೂಪಸ್ ಇರಬಹುದೆಂದು ವರ್ಷಗಟ್ಟಲೆ ನಿದ್ದೆಗೆಟ್ಟವರನ್ನು ನಾನು ನೋಡಿದ್ದೇನೆ. ಸ್ಟಿರಾಯ್ಡ್ ಮಾತ್ರೆಯೂ ಇಲ್ಲಿ ಕೆಲಸ ಮಾಡುವುದಿಲ್ಲ.

ಚಿಕಿತ್ಸೆಯಲ್ಲಿ ಬಲವಾದ ಪುರಾವೆ ಇರುವುದು ವ್ಯಾಯಾಮಕ್ಕೆ. ಸಂಜೆ ಸ್ಟೇಶನ್ನಿನಿಂದ ರಿಕ್ಷಾ ಬಿಟ್ಟು ಹತ್ತು ನಿಮಿಷ ನಡೆಯುವುದರಿಂದ ಶುರುಮಾಡಿ, ಎರಡು ವಾರ ಅಷ್ಟೇ ಇರಲಿ. ಮೈ ಹಗುರವೆನಿಸಿದ ದಿನ ಒಂದು ಗಂಟೆ ನಡೆದುಬಿಟ್ಟರೆ ಮರುದಿನ ಹಾಸಿಗೆ ಹಿಡಿಯುತ್ತೀರಿ. ನೋವು ತಗ್ಗಿಸಿ ನಿದ್ದೆಗೆ ನೆರವಾಗುವ ಮಾತ್ರೆ ಅಮಿಟ್ರಿಪ್ಟಿಲಿನ್, ಮಲಗುವ ಮುನ್ನ 10 ಮಿಲಿಗ್ರಾಂ, ನಿಮಗೆ ಸರಿಹೊಂದುವುದೇ ಎಂದು ಡಾಕ್ಟರನ್ನು ಕೇಳಿ. ಆ ದಿನ ಮನೆಯವರನ್ನೂ ಜೊತೆಗೆ ಕರೆದೊಯ್ಯಿರಿ. ಅಂಕ ಹಾಕುವುದನ್ನು ಅವರೂ ಎದುರಿಗೆ ಕುಳಿತು ನೋಡಲಿ.