ಒಟಿಪಿ ತಾನಾಗಿ ತುಂಬಿಕೊಳ್ಳದಿದ್ದರೆ

> ವೆಬ್‌ಸೈಟ್ ಲಾಗಿನ್‌ಗೆ ಕನ್ನಡದಲ್ಲಿ ಒಟಿಪಿ ಕಳಿಸುತ್ತೇವೆ. ಫೋನಿನಲ್ಲಿ ತಾನಾಗಿ ತುಂಬುತ್ತಿಲ್ಲ, ಕೆಲವರಿಗೆ ಸರಿಯಾದ ಕೋಡ್ ಹಾಕಿದರೂ ‘ತಪ್ಪು’ ಎನ್ನುತ್ತದೆ. ಏನು ಕಾರಣ?

ಬಹುಶಃ ಸಂದೇಶದ ಕೊನೆಯ ಸಾಲಿನಲ್ಲಿ ಡೊಮೇನ್ ಮತ್ತು ಕೋಡ್ ಇಲ್ಲ. ಮೊದಲು ಹೀಗೆ ಬದಲಿಸಿ:

```
482913 ನಿಮ್ಮ ಲಾಗಿನ್ ಕೋಡ್. ಯಾರಿಗೂ ಹೇಳಬೇಡಿ.
@example.com #482913
```

ಡೊಮೇನ್ ಲಾಗಿನ್ ಪುಟದ್ದೇ ಆಗಿರಬೇಕು. ಆ ಸಾಲಿನ ನಂತರ ಏನನ್ನೂ ಬರೆಯಬೇಡಿ, ಸಹಿಯನ್ನೂ ಸಹ. ಆಮೇಲೆ ಕೋಡ್ ತುಂಬುವ ಜಾಗಕ್ಕೆ ಇದನ್ನು ಸೇರಿಸಿ:

```
autocomplete="one-time-code" inputmode="numeric"
```

ಕನ್ನಡ ಎಸ್ಸೆಮ್ಮೆಸ್ಸಿಗೆ ಮಿತಿ 70 ಅಕ್ಷರ. ಒತ್ತು, ಕೊಂಬು, ದೀರ್ಘ ಎಲ್ಲ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಮೇಲಿನದು 62 ಆಗುತ್ತದೆ. ಇನ್ನೊಂದು ಸೌಜನ್ಯದ ವಾಕ್ಯ ಸೇರಿಸಿದರೆ ಎರಡು ಸಂದೇಶದ ಲೆಕ್ಕ, ಹಾಗಾಗಿ ಕೋಡಿನ ಅವಧಿಯನ್ನು ಪುಟದಲ್ಲೇ ತೋರಿಸಿ. ಲಿಂಕ್ ಅಂತೂ ಹಾಕಲೇಬೇಡಿ. ನಕಲಿ ಸಂದೇಶ ಕಳಿಸುವವರಿಗೆ ಅದೇ ದಾರಿ.

‘ತಪ್ಪು’ ಎನ್ನುವುದಕ್ಕೆ ಕಾರಣ ಕೋಡನ್ನು ಮತ್ತೆ ಕಳಿಸುವ ಬಟನ್ ಇರಬಹುದು. ಲಾಗ್ ನೋಡಿದರೆ ಖಚಿತವಾಗುತ್ತದೆ. ಪ್ರತಿ ಸಲ ಹೊಸ ಕೋಡ್ ಹುಟ್ಟಿಸಿ ಹಳೆಯದನ್ನು ರದ್ದು ಮಾಡಿದರೆ, ತಡವಾಗಿ ಬಂದ ಹಳೆಯ ಸಂದೇಶವನ್ನೇ ಜನ ಹೊಸದೆಂದುಕೊಳ್ಳುತ್ತಾರೆ. 5 ನಿಮಿಷದ ಅವಧಿಯೊಳಗೆ ಅದೇ ಕೋಡನ್ನೇ ಮತ್ತೆ ಕಳಿಸಿ, ಅವಧಿಯನ್ನು ಮಾತ್ರ ಮುಂದೂಡಬೇಡಿ. 5 ಸಲ ತಪ್ಪಿದರೆ ಕೋಡ್ ರದ್ದಾಗಲಿ. ಆ ಮಿತಿಯಿದ್ದರೆ 6 ಅಂಕಿ ಸಾಕು.